ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ ಪ್ರಕಟಣೆ

ಮಕ್ಕಳೇ, ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಪುಸ್ತಕ, ಪತ್ರಿಕೆಗಳ ಜೊತೆಗೆ ಅನೇಕ ಕಡೆ ಓದುಗರಿಗಾಗಿ ಗಣಕಗಳೂ ಇವೆ. ನೀವೂ ಅಲ್ಲಿ ಕುಳಿತು ಚಿತ್ರ ಬಿಡಿಸಿರಬಹುದು, ಪ್ರಬಂಧ ಟೈಪ್ ಮಾಡಿರಬಹುದು. ಅಂಥ ಒಂದು ಗ್ರಂಥಾಲಯದ ಬಾಗಿಲಿಗೆ ಈ ಪ್ರಕಟಣೆಯನ್ನು ಅಂಟಿಸಿದ್ದಾರೆ ಎಂದು ಭಾವಿಸಿ. ಮೊದಲು ನಿಧಾನವಾಗಿ ಓದಿಕೊಳ್ಳಿ.

ಓದುಗರ ಗಮನಕ್ಕೆ

ನಮ್ಮ ಗ್ರಂಥಾಲಯದ ಮೂರು ಸಾರ್ವಜನಿಕ ಗಣಕಗಳಿಗೆ 2025ರ ಡಿಸೆಂಬರ್ 21 ಮತ್ತು 22ರಂದು ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಲಾಗುವುದು. ಆ ಎರಡು ದಿನ ಗಣಕಗಳು ಬಳಕೆಗೆ ಸಿಗುವುದಿಲ್ಲ. ಅಳವಡಿಸುವ ಮುನ್ನ ಗಣಕಗಳಲ್ಲಿರುವ ಎಲ್ಲವನ್ನೂ ಅಳಿಸಲಾಗುವುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, D: ಡ್ರೈವ್ ಯಾವುದೂ ಉಳಿಯುವುದಿಲ್ಲ. ನಿಮ್ಮ ಕಡತಗಳನ್ನು ಡಿಸೆಂಬರ್ 20, ಶನಿವಾರ ಸಂಜೆ 5 ಗಂಟೆಯೊಳಗೆ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ನಕಲನ್ನು ಬೇರೆ ಗಣಕದಲ್ಲಿ ತೆರೆದು ನೋಡಿ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಬರಹಗಳಿದ್ದರೆ ಮೊದಲೇ ನನಗೆ ತಿಳಿಸಿ. ಆಧಾರ್, ಅಂಕಪಟ್ಟಿ ಮುಂತಾದ ಕಾಗದಗಳ ಸ್ಕ್ಯಾನ್ ಬಿಟ್ಟುಹೋಗಿದ್ದರೆ ತೆಗೆದುಕೊಂಡು ಅಳಿಸಿ. ಶನಿವಾರ ಸಂಜೆಯ ನಂತರ ಯಾವುದನ್ನೂ ಮರಳಿ ಕೊಡಲು ಸಾಧ್ಯವಿಲ್ಲ.

— ಗ್ರಂಥಾಲಯ ಮೇಲ್ವಿಚಾರಕರು

ಪ್ರಕಟಣೆ ಚಿಕ್ಕದು. ಆದರೆ ಅದರ ಒಂದೊಂದು ವಾಕ್ಯದ ಹಿಂದೆಯೂ ಒಂದು ಕಾರಣವಿದೆ. D: ಡ್ರೈವ್‌ನ ಹೆಸರನ್ನು ಬೇರೆಯಾಗಿ ಹೇಳಿದ್ದೇಕೆ? ನಕಲನ್ನು ‘ಬೇರೆ ಗಣಕದಲ್ಲಿ’ ತೆರೆದು ನೋಡಿ ಎಂದದ್ದೇಕೆ? ಅಕ್ಷರಗಳ ಮಾತು ಇಲ್ಲಿ ಯಾಕೆ ಬಂತು? ಆ ಗ್ರಂಥಾಲಯಕ್ಕೆ ಹೋಗುವ ಏಳನೇ ತರಗತಿಯ ಒಬ್ಬ ಹುಡುಗಿಯ ಜೊತೆ ನಾವೂ ಹೋಗಿ ನೋಡೋಣ.

ಮಳೆ ಲೆಕ್ಕದ ಕಡತ

ಈ ಹುಡುಗಿ ಪ್ಲಾಸ್ಟಿಕ್ ಬಾಟಲಿಯಿಂದ ಒಂದು ಮಳೆಮಾಪಕ ಮಾಡಿಕೊಂಡಿದ್ದಳು. ಜೂನ್ 1ರಿಂದ ನವೆಂಬರ್ 30ರವರೆಗೆ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಅಳೆದು ಮಿಲಿಮೀಟರಿನಲ್ಲಿ ಬರೆದಿಟ್ಟಳು. ಲೆಕ್ಕ ಹಾಕಿ ನೋಡಿ, ಒಟ್ಟು 183 ದಿನ. ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗಿ ಆ ಅಂಕಿಗಳನ್ನು ಗಣಕದ ಕೋಷ್ಟಕದಲ್ಲಿ ತುಂಬುತ್ತಿದ್ದಳು. ಮೋಡಗಳ 118 ಚಿತ್ರಗಳನ್ನೂ ಅಲ್ಲಿಯೇ ಇಟ್ಟಿದ್ದಳು. ಜುಲೈ ತಿಂಗಳಲ್ಲಿ ಅವಳ ಚೀಲ ನೆನೆದು, ಅಳತೆ ಬರೆದ ನೋಟ್‌ಪುಸ್ತಕದ ಮೊದಲ ಪುಟಗಳಲ್ಲಿ ಶಾಯಿ ಹರಡಿಹೋಯಿತು. ಹೀಗಾಗಿ ಜೂನ್ ತಿಂಗಳ ಅಂಕಿಗಳು ಉಳಿದದ್ದು ಗಣಕದಲ್ಲಿ ಮಾತ್ರ. ಜನವರಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವು ಬೇಕೇ ಬೇಕು. ಕಳೆದುಹೋದರೆ ಕಳೆದ ಜೂನಿನ ಮಳೆಯನ್ನು ಮತ್ತೆ ಅಳೆಯುವುದಂತೂ ಸಾಧ್ಯವಿಲ್ಲ.

ಪ್ರಕಟಣೆ ನೋಡಿದ ಕೂಡಲೇ ಅವಳು ಮೇಲ್ವಿಚಾರಕರ ಹತ್ತಿರ ಓಡಿದಳು.

“ಸಾರ್, ಗಣಕ ಚೆನ್ನಾಗೇ ಇದೆಯಲ್ಲ? ಯಾಕೆ ಎಲ್ಲ ಅಳಿಸ್ತೀರಿ?”

“ಚೆನ್ನಾಗಿ ಓಡ್ತಾ ಇದೆ, ನಿಜ ಕಣಮ್ಮ. ಆದರೆ ಅದರೊಳಗಿನ ವಿಂಡೋಸ್ 10 ಹಳೇದಾಯ್ತು,” ಎಂದರು ಅವರು.

ಕಾರ್ಯಾಚರಣ ವ್ಯವಸ್ಥೆ ಎಂದರೆ ಗಣಕದ ಎಲ್ಲ ಕೆಲಸಗಳನ್ನೂ ನಡೆಸಿಕೊಂಡು ಹೋಗುವ ಮೂಲ ತಂತ್ರಾಂಶ. ನೀವು ಕೀಲಿ ಒತ್ತಿದಾಗ ಪರದೆಯ ಮೇಲೆ ಅಕ್ಷರ ಮೂಡುವುದು, ಚಿತ್ರವನ್ನು ಡಿಸ್ಕಿನಲ್ಲಿ ಇಡುವುದು, ಮುದ್ರಕಕ್ಕೆ ಹಾಳೆ ಕಳಿಸುವುದು ಎಲ್ಲವೂ ಅದರ ಮೂಲಕವೇ. ವಿಂಡೋಸ್ 10 ಹೊರಬಂದದ್ದು 2015ರಲ್ಲಿ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ತಪ್ಪುಗಳು ಒಂದಲ್ಲ ಒಂದು ಸಿಗುತ್ತಲೇ ಇರುತ್ತವೆ. ವೈರಸ್ ಬರೆಯುವವರು ನುಗ್ಗುವುದು ಇಂಥ ತಪ್ಪುಗಳ ಸಂದಿಯಿಂದಲೇ. ಕಂಪನಿಯು ಪ್ರತಿ ತಿಂಗಳೂ ತೇಪೆ ಕಳಿಸಿ ಆ ಸಂದಿಗಳನ್ನು ಮುಚ್ಚುತ್ತಿತ್ತು. ಎಲ್ಲರಿಗೂ ತಾನಾಗಿ ಬರುತ್ತಿದ್ದ ಈ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮುಂದೆಯೂ ಬೇಕೆಂದರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು, ಅದಕ್ಕೂ ಕಾಲಮಿತಿ ಇದೆ. ದಿನಕ್ಕೆ ಹತ್ತಾರು ಪೆನ್‌ಡ್ರೈವ್‌ಗಳು ಬಂದುಹೋಗುವ ಸಾರ್ವಜನಿಕ ಗಣಕವನ್ನು ತೇಪೆಯಿಲ್ಲದೆ ಬಿಡುವುದು ಅಪಾಯ.

ಹಾಗಾದರೆ ವಿಂಡೋಸ್ 11 ಹಾಕಬಹುದಲ್ಲ? ಅದಕ್ಕೆ ಹೊಸ ಬಗೆಯ ಸಂಸ್ಕಾರಕವೂ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯ ಎರಡನೆಯ ಆವೃತ್ತಿಯೂ ಬೇಕು. ಹತ್ತು ವರ್ಷ ಹಳೆಯ ಗಣಕಗಳಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ. ಆದ್ದರಿಂದ ಮೇಲ್ವಿಚಾರಕರು ಲಿನಕ್ಸ್ ಬಳಗದ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಆರಿಸಿಕೊಂಡರು. ಅದರ ಅಳವಡಿಕೆಯಲ್ಲಿ ‘ಡಿಸ್ಕನ್ನು ಪೂರ್ತಿ ಅಳಿಸಿ ಅಳವಡಿಸು’ ಎಂಬ ಆಯ್ಕೆ ಇದೆ. ಹಳೆಯದರ ಪಕ್ಕದಲ್ಲಿ ಹೊಸದನ್ನು ಇರಿಸುವ ದಾರಿಯೂ ಇದೆ. ಆದರೆ ಅಪಾಯದ ಹಳೆಯ ವ್ಯವಸ್ಥೆಯೂ ಅಲ್ಲೇ ಉಳಿದುಕೊಂಡರೆ ಪ್ರಯೋಜನವೇನು?

ಯಾವುದು ಗಣಕದೊಳಗಿದೆ, ಯಾವುದು ಹೊರಗಿದೆ?

ಉಳಿಸಿಕೊಳ್ಳಬೇಕಾದ್ದು ಯಾವುದು ಎಂದು ತಿಳಿಯಲು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ವಸ್ತು ನಿಜವಾಗಿ ಎಲ್ಲಿದೆ?

ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪನ್ನೇ ತೆಗೆದುಕೊಳ್ಳಿ. ಅದು ಗಣಕದ ‘ಮೇಲೆ’ ಇರುವಂತೆ ತೋರುತ್ತದೆ. ಡಿಸ್ಕಿನೊಳಗಿನದನ್ನು ಅಳಿಸಿದರೆ ಡೆಸ್ಕ್‌ಟಾಪಿನಲ್ಲಿ ಇಟ್ಟದ್ದಕ್ಕೇನೂ ಆಗದು ಎಂದುಕೊಳ್ಳುವವರು ದೊಡ್ಡವರಲ್ಲೂ ಇದ್ದಾರೆ. ನಿಜವಾಗಿ ಡೆಸ್ಕ್‌ಟಾಪ್ ಎಂಬುದು ಡಿಸ್ಕಿನೊಳಗಿನ ಒಂದು ಸಾಮಾನ್ಯ ಕಡತಕೋಶ. ಹುಡುಗಿಯ ಗಣಕದಲ್ಲಿ ಅದರ ವಿಳಾಸ ಹೀಗಿತ್ತು:

```
C:\Users\Odugaru\Desktop
```

ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕೂಡ ಇದರ ಅಕ್ಕಪಕ್ಕದ ಕೋಶಗಳೇ. D: ಡ್ರೈವ್‌ನ ಕಥೆ ಸ್ವಲ್ಪ ಬೇರೆ. ಅನೇಕ ಗಣಕಗಳಲ್ಲಿ ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ C:, D: ಎಂದು ಹೆಸರಿಟ್ಟಿರುತ್ತಾರೆ. ಒಂದೇ ಹೊಲದ ನಡುವೆ ಬದು ಹಾಕಿದಂತೆ. ವಿಂಡೋಸನ್ನು ಮತ್ತೆ ಅಳವಡಿಸುವಾಗ C: ಭಾಗವನ್ನಷ್ಟೇ ಅಳಿಸಿ D: ಭಾಗವನ್ನು ಹಾಗೇ ಬಿಡುವ ರೂಢಿ ಇದೆ. ಅದರಿಂದಲೇ ‘D:ನಲ್ಲಿ ಇಟ್ಟರೆ ಸುರಕ್ಷಿತ’ ಎಂಬ ಮಾತು ಹುಟ್ಟಿಕೊಂಡಿತು. ಆದರೆ ಈ ಬಾರಿ ಹೊಲವನ್ನೇ ಪೂರ್ತಿ ಉಳುವುದರಿಂದ ಬದುವೂ ಉಳಿಯುವುದಿಲ್ಲ. ಪ್ರಕಟಣೆಯಲ್ಲಿ D: ಎಂದು ಬೇರೆಯಾಗಿ ಬರೆದದ್ದು ಇದಕ್ಕೇ.

ಇನ್ನು ಇಮೇಲ್. ಜಾಲತಾಣದಲ್ಲಿ ತೆರೆದು ಓದುವ ಇಮೇಲ್‌ಗಳು ಗ್ರಂಥಾಲಯದ ಗಣಕದಲ್ಲಿ ಇರುವುದಿಲ್ಲ, ದೂರದ ಸರ್ವರ್‌ನಲ್ಲಿರುತ್ತವೆ. ಅವಕ್ಕೆ ಏನೂ ಆಗುವುದಿಲ್ಲ. ಆದರೆ ಆ ಇಮೇಲ್‌ನಿಂದ ಇಳಿಸಿಕೊಂಡು ತಿದ್ದಿದ ಕಡತ ಗಣಕದಲ್ಲೇ ಇರುತ್ತದೆ, ತಿದ್ದುಪಡಿಗಳೂ ಅಲ್ಲೇ ಇರುತ್ತವೆ. ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಪುಟಗಳ ಪಟ್ಟಿಯೂ ಗಣಕದೊಳಗಿನದೇ. ಬೇಕಾದ ನಾಲ್ಕೈದು ವಿಳಾಸಗಳನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡರೆ ಸಾಕು. ಗುಪ್ತಪದಗಳನ್ನು ಮಾತ್ರ ಸಾರ್ವಜನಿಕ ಗಣಕದಲ್ಲಿ ಯಾವತ್ತೂ ಉಳಿಸಿರಬಾರದು. ಉಳಿಸಿದ್ದರೆ ಶನಿವಾರದವರೆಗೂ ಕಾಯಬೇಡಿ, ಇಂದೇ ಅಳಿಸಿ, ಗುಪ್ತಪದವನ್ನೂ ಬದಲಿಸಿ.

2 ಕೆಬಿ ಮಳೆ

ಶುಕ್ರವಾರ ಹುಡುಗಿ ಅಣ್ಣನ ಪೆನ್‌ಡ್ರೈವ್ ತಂದಳು. ಡೆಸ್ಕ್‌ಟಾಪಿನಲ್ಲಿದ್ದ ‘ಮಳೆ ಲೆಕ್ಕ’ ಎಂಬ ಚಿಹ್ನೆಯನ್ನು ನಕಲು ಮಾಡಿ ಪೆನ್‌ಡ್ರೈವ್‌ನಲ್ಲಿ ಅಂಟಿಸಿದಳು. ಪೆನ್‌ಡ್ರೈವ್‌ನೊಳಗೆ ಹೋಗಿ ಅದರ ಮೇಲೆ ಎರಡು ಸಲ ಒತ್ತಿದಳು. ಕೋಷ್ಟಕ ತೆರೆಯಿತು. 183 ಸಾಲುಗಳೂ ಇದ್ದವು. ಕೆಲಸ ಮುಗಿಯಿತೆಂದು ಎದ್ದಳು.

“ಆ ಪಕ್ಕದ ಗಣಕದಲ್ಲಿ ಒಂದ್ಸಲ ತೆರೆದು ನೋಡಮ್ಮ,” ಎಂದರು ಮೇಲ್ವಿಚಾರಕರು.

“ಈಗ ತಾನೇ ನೋಡಿದೆ ಸಾರ್, ಸರಿಯಾಗಿದೆ.”

“ಆದರೂ ನೋಡು.”

ಪಕ್ಕದ ಗಣಕಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ ಅದೇ ಚಿಹ್ನೆಯನ್ನು ಒತ್ತಿದಾಗ ಕೋಷ್ಟಕ ಬರಲಿಲ್ಲ. ಕಡತವನ್ನು ಸರಿಸಲಾಗಿದೆ ಅಥವಾ ಬದಲಾಯಿಸಲಾಗಿದೆ ಎಂಬ ಅರ್ಥದ ಸಂದೇಶವೊಂದು ಬಂತು. ಹುಡುಗಿಯ ಮುಖ ಸಣ್ಣದಾಯಿತು.

ಏನಾಗಿತ್ತು? ಅವಳು ನಕಲು ಮಾಡಿದ್ದು ಕಡತವನ್ನಲ್ಲ, ಶಾರ್ಟ್‌ಕಟ್ಟನ್ನು. ಶಾರ್ಟ್‌ಕಟ್ ಎಂದರೆ ಕಡತ ಎಲ್ಲಿದೆ ಎಂದು ಬರೆದಿಟ್ಟ ಒಂದು ಚೀಟಿ. ಕಡತವು ಡಾಕ್ಯುಮೆಂಟ್ಸ್ ಕೋಶದೊಳಗೆ ಇತ್ತು. ಬೇಗ ಸಿಗಲೆಂದು ಯಾರೋ ಅವಳಿಗೆ ಡೆಸ್ಕ್‌ಟಾಪಿನಲ್ಲಿ ಈ ಚೀಟಿಯನ್ನು ಮಾಡಿಕೊಟ್ಟಿದ್ದರು. ಚೀಟಿಯೊಳಗೆ ಇದ್ದದ್ದು ಮುಖ್ಯವಾಗಿ ಇಷ್ಟೇ:

```
C:\Users\Odugaru\Documents\male-lekka.xlsx
```

ಅದೇ ಗಣಕದಲ್ಲಿ ಒತ್ತಿದಾಗ ಗಣಕವು ಚೀಟಿ ಓದಿ, ತನ್ನ ಡಾಕ್ಯುಮೆಂಟ್ಸ್ ಕೋಶಕ್ಕೆ ಹೋಗಿ ಕಡತವನ್ನು ತೆರೆಯಿತು. ಚೀಟಿ ಪೆನ್‌ಡ್ರೈವ್‌ನಲ್ಲಿದ್ದರೂ ಕಡತ ಗಣಕದಲ್ಲೇ ಇತ್ತಲ್ಲ! ಪಕ್ಕದ ಗಣಕದಲ್ಲಿ ಆ ವಿಳಾಸದಲ್ಲಿ ಅಂಥ ಕಡತವೇ ಇಲ್ಲ. ಪುಸ್ತಕ ಬೇಕೆಂದು ಗ್ರಂಥಾಲಯಕ್ಕೆ ಹೋಗಿ, ‘ಮೂರನೇ ಕಪಾಟು, ಎರಡನೇ ಅಂಕಣ’ ಎಂದು ಬರೆದ ಚೀಟಿಯನ್ನು ಮನೆಗೆ ತಂದಂತಾಯಿತು. ಗ್ರಂಥಾಲಯದೊಳಗೆ ಇರುವವರೆಗೆ ಚೀಟಿಯಿಂದ ಪುಸ್ತಕ ಸಿಗುತ್ತದೆ. ಮನೆಯಲ್ಲಿ ಅದು ಬರೀ ಚೀಟಿ. ಅದೇ ಗಣಕದಲ್ಲಿ ತೆರೆದು ನೋಡಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ. ಪ್ರಕಟಣೆಯಲ್ಲಿ ‘ಬೇರೆ ಗಣಕದಲ್ಲಿ’ ಎಂಬ ಎರಡು ಪದ ಸೇರಿಸಿದ್ದು ಈ ಕಾರಣಕ್ಕೆ.

ಶಾರ್ಟ್‌ಕಟ್ಟನ್ನು ಗುರುತಿಸುವುದು ಕಷ್ಟವಲ್ಲ. ಚಿಹ್ನೆಯ ಎಡ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಇರುತ್ತದೆ. ಇನ್ನೂ ಖಚಿತವಾಗಬೇಕಾದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, Properties ಆರಿಸಿ, ಗಾತ್ರ ನೋಡಬೇಕು. ಹುಡುಗಿಯ ಚೀಟಿ 2 ಕೆಬಿ ಇತ್ತು. ನಿಜವಾದ ಕಡತ 18 ಕೆಬಿ. ಚಿತ್ರವೋ ಹಾಡೋ ಆಗಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಸುಮಾರು 3 ಎಂಬಿ, ಅಂದರೆ ಸುಮಾರು 3,000 ಕೆಬಿ ಇರುತ್ತದೆ. ಅದು 2 ಕೆಬಿ ಎಂದು ತೋರಿಸಿದರೆ ಚಿತ್ರ ನಿಮ್ಮ ಬಳಿ ಇಲ್ಲ ಎಂದೇ ಅರ್ಥ.

ಒಂದು ವೇಳೆ ಪೆನ್‌ಡ್ರೈವ್‌ನಲ್ಲಿ ಮೊದಲು ಸರಿಯಾಗಿದ್ದ ಕಡತಗಳೆಲ್ಲ ಇದ್ದಕ್ಕಿದ್ದಂತೆ ಬಾಣದ ಗುರುತಿನ ಚಿಹ್ನೆಗಳಾಗಿದ್ದರೆ ಅದು ಬೇರೆ ರೋಗ. ಕಡತಗಳನ್ನು ಅಡಗಿಸಿ, ಅವುಗಳ ಜಾಗದಲ್ಲಿ ಸುಳ್ಳು ಚೀಟಿಗಳನ್ನು ಇಡುವ ವೈರಸ್‌ಗಳಿವೆ. ಆಗ ಯಾವುದನ್ನೂ ಒತ್ತದೆ ಹಿರಿಯರಿಗೆ ತೋರಿಸಿ. ಸಾಮಾನ್ಯವಾಗಿ ಮೂಲ ಕಡತಗಳು ಒಳಗೆ ಅಡಗಿ ಕುಳಿತಿರುತ್ತವೆ, ಹಿಂದೆ ಪಡೆಯಬಹುದು.

ಮೇಲ್ವಿಚಾರಕರು ಶಾರ್ಟ್‌ಕಟ್‌ನ ಮೇಲೆ ಬಲಗುಂಡಿ ಒತ್ತಿ Open file location ಎಂಬುದನ್ನು ಆರಿಸಿದರು. ನಿಜವಾದ ಕಡತವಿದ್ದ ಕೋಶ ತೆರೆದುಕೊಂಡಿತು. ಹುಡುಗಿ ಅದನ್ನು ನಕಲು ಮಾಡಿದಳು. ಅನಂತರ ಮೋಡಗಳ ಚಿತ್ರಕೋಶವನ್ನು ಪೂರ್ತಿಯಾಗಿ ನಕಲಿಸಿದಳು. ಒಟ್ಟು ಸುಮಾರು 350 ಎಂಬಿ. ಅವಳ ಪೆನ್‌ಡ್ರೈವ್ ಸೆಕೆಂಡಿಗೆ 7 ಎಂಬಿಯಂತೆ ಬರೆದುಕೊಳ್ಳುತ್ತಿತ್ತು. ಎಷ್ಟು ಹೊತ್ತು ಹಿಡಿದಿರಬೇಕು? 350ನ್ನು 7ರಿಂದ ಭಾಗಿಸಿ ನೋಡಿ, 50 ಸೆಕೆಂಡು.

ನಕಲು ಮುಗಿದ ಮೇಲೆ ಎರಡೂ ಕಡೆ ಕೋಶದ Properties ತೆರೆದು ಕಡತಗಳ ಸಂಖ್ಯೆಯನ್ನು ಹೋಲಿಸಿದಳು. ಅಲ್ಲೂ 118, ಇಲ್ಲೂ 118. ಆಮೇಲೆ ಪೆನ್‌ಡ್ರೈವ್‌ನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ Eject ಆರಿಸಿ, ಅನುಮತಿ ಬಂದ ಮೇಲೆ ಹೊರತೆಗೆದಳು. ಈ ಕೊನೆಯ ಹೆಜ್ಜೆಯನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಗಣಕವು ಕೆಲವೊಮ್ಮೆ ಬರೆಯಬೇಕಾದುದನ್ನು ತನ್ನ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡು ಸ್ವಲ್ಪ ತಡವಾಗಿ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿದರೂ ಕೊನೆಯ ಕಡತ ಅರ್ಧ ಬರೆದಿರಬಹುದು. Eject ಎಂದರೆ ‘ಉಳಿದದ್ದನ್ನು ಬರೆದು ಮುಗಿಸು, ನಾನು ತೆಗೆಯುತ್ತೇನೆ’ ಎಂದು ಹೇಳಿದಂತೆ.

ಕೋಷ್ಟಕವು ಹೊಸ ಗಣಕದಲ್ಲಿ ತೆರೆಯುತ್ತದೆಯೇ ಎಂಬ ಸಂಶಯ ಅವಳಿಗಿತ್ತು. ತೆರೆಯುತ್ತದೆ. ಉಬುಂಟುವಿನಲ್ಲಿ ಬಳಸುವ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಇಂಥ ಕೋಷ್ಟಕಗಳನ್ನು ಓದಬಲ್ಲದು. ಬಣ್ಣ, ಗೆರೆಗಳು ಅಲ್ಲಲ್ಲಿ ಸ್ವಲ್ಪ ಸರಿದಾಡಬಹುದು. ಮಳೆಯ ಅಂಕಿಗಳು ಬದಲಾಗುವುದಿಲ್ಲ.

ಕೆರೆ ಎಲ್ಲಿ ಹೋಯಿತು?

ಇನ್ನೊಂದು ಕಡತ ಉಳಿದಿತ್ತು. ಹಿಂದಿನ ವರ್ಷ ಅವಳ ಅಣ್ಣ ಊರಿನ ಹಿರಿಯರನ್ನು ಕೇಳಿ ‘ನಮ್ಮ ಕೆರೆ’ ಎಂಬ ಬರಹವನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದ. ನಕಲು ಸರಿಯಾಗಿಯೇ ಆಯಿತು, ಗಾತ್ರವೂ ಹೊಂದಿಕೆಯಾಯಿತು. ಆದರೆ ಮೇಲ್ವಿಚಾರಕರು ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಶೀರ್ಷಿಕೆಯ ಜಾಗದಲ್ಲಿ ಹೀಗೆ ಕಂಡಿತು:

```
£ÀªÀÄä PÉgÉ
```

“ಅಯ್ಯೋ, ಹಾಳಾಯ್ತಾ ಸಾರ್?”

“ಹಾಳಾಗಿಲ್ಲ. ಕನ್ನಡಕ ಇಲ್ಲದೆ ಓದೋಕೆ ಹೊರಟಿದ್ದೀವಿ ಅಷ್ಟೆ.”

ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಕನ್ನಡದಲ್ಲಿ ಬರೆಯುವ ನಮಗೆ ಈ ತೊಂದರೆ ಆಗಾಗ ಎದುರಾಗುತ್ತದೆ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅದು ಬರೆದಿಡುವುದು ಸಂಖ್ಯೆಗಳನ್ನು. ಇಂಗ್ಲಿಷಿನ P ಅಕ್ಷರಕ್ಕೆ 80, g ಅಕ್ಷರಕ್ಕೆ 103 ಎಂದು ಬಹಳ ಹಿಂದೆಯೇ ನಿಗದಿಯಾಗಿದೆ. ಹೀಗೆ ಒಂದು ಅಕ್ಷರಕ್ಕೆ ಒಂದೇ ಬೈಟ್ ಕೊಡುವ ಪದ್ಧತಿಯಲ್ಲಿ ಒಟ್ಟು ಇರುವುದೇ 256 ಸಂಖ್ಯೆಗಳು. ಕನ್ನಡಕ್ಕೆಂದು ಬೇರೆ ಸಂಖ್ಯೆಗಳು ಅದರಲ್ಲಿ ಇರಲಿಲ್ಲ. ಆಗ ಹಳೆಯ ಕನ್ನಡ ತಂತ್ರಾಂಶಗಳು ಒಂದು ಉಪಾಯ ಮಾಡಿದವು. ಸಂಖ್ಯೆ 80 ಎಂದೇ ಬರೆದಿಟ್ಟುಕೊಳ್ಳುವುದು. ಆದರೆ ತಮ್ಮದೇ ಫಾಂಟ್ ತಯಾರಿಸಿ, ಅದರಲ್ಲಿ 80ರ ಜಾಗಕ್ಕೆ P ಬದಲು ‘ಕ’ಕಾರದ ಆಕಾರವನ್ನು ಇಡುವುದು. É ಇರುವ 201ರ ಜಾಗಕ್ಕೆ ಎತ್ವದ ಗುರುತು. g ಇರುವ 103ರ ಜಾಗಕ್ಕೆ ‘ರ’ಕಾರದ ಆಕಾರ. ಹಾಗಾಗಿ ‘ಕೆರೆ’ ಎಂಬ ಪದ ಕಡತದಲ್ಲಿ 80, 201, 103, 201 ಎಂದು ಕೂತಿರುತ್ತದೆ. ನುಡಿ ಫಾಂಟ್ ಇರುವ ಗಣಕದಲ್ಲಿ ಅದು ಕೆರೆ. ಇಲ್ಲದ ಗಣಕದಲ್ಲಿ ಅದು PÉgÉ.

ಫಾಂಟ್ ಇದ್ದದ್ದು ಹಳೆಯ ವಿಂಡೋಸಿನೊಳಗೆ. ಭಾನುವಾರ ವಿಂಡೋಸ್ ಹೋದಾಗ ಅದರ ಜೊತೆ ಫಾಂಟ್ ಕೂಡ ಹೋಗುತ್ತದೆ. ಪ್ರಕಟಣೆಯಲ್ಲಿ ‘ಮೊದಲೇ ತಿಳಿಸಿ’ ಎಂದದ್ದು ಈ ಕಾರಣಕ್ಕೆ.

ಯೂನಿಕೋಡ್ ಎಂಬ ಈಗಿನ ಪದ್ಧತಿಯಲ್ಲಿ ಈ ಗೊಂದಲವಿಲ್ಲ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ‘ಕ’ ಎಂದರೆ 3221, ‘ರ’ ಎಂದರೆ 3248, ಎತ್ವ ಎಂದರೆ 3270. ಯೂನಿಕೋಡಿನಲ್ಲಿ ‘ಕೆರೆ’ ಎಂಬುದು 3221, 3270, 3248, 3270. ಈ ಸಂಖ್ಯೆಗಳು ಬೇರೆ ಯಾವ ಭಾಷೆಯ ಅಕ್ಷರಕ್ಕೂ ಸೇರಿದವಲ್ಲ. ಯಾವುದಾದರೂ ಒಂದು ಕನ್ನಡ ಯೂನಿಕೋಡ್ ಫಾಂಟ್ ಇದ್ದರೆ ಸಾಕು, ಮೊಬೈಲಿನಲ್ಲೂ ಲಿನಕ್ಸಿನಲ್ಲೂ ಅದು ಕೆರೆಯೇ.

ಮೇಲ್ವಿಚಾರಕರು ಹಳೆಯ ಗಣಕದಲ್ಲೇ ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯೂನಿಕೋಡಿಗೆ ಬದಲಿಸಿದರು. ಆಮೇಲೆ ಅಣ್ಣ ತಂಗಿ ಇಬ್ಬರೂ ಕುಳಿತು ಹಳೆಯದನ್ನೂ ಹೊಸದನ್ನೂ ಸಾಲು ಸಾಲಾಗಿ ಹೋಲಿಸಿದರು. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಕೆಲವೊಮ್ಮೆ ಎಡವುತ್ತವೆ. ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದು ತಿಳಿದು ವಿಚಿತ್ರ ಅಕ್ಷರಗಳನ್ನಾಗಿ ಮಾಡಿಬಿಡಬಹುದು. ಅದಕ್ಕೇ ಹೋಲಿಸಿ ನೋಡಬೇಕು, ಹೋಲಿಸಲು ಹಳೆಯ ಗಣಕ ಇನ್ನೂ ಇರುವಾಗಲೇ ನೋಡಬೇಕು. ಮೂಲದ ರೂಪ ಹೇಗಿತ್ತೆಂದು ತಿಳಿಯಲು ಪಿಡಿಎಫ್ ಪ್ರತಿಯೊಂದನ್ನೂ ಮಾಡಿಕೊಂಡರು. ಪಿಡಿಎಫ್ ಮಾಡುವಾಗ ಸಾಮಾನ್ಯವಾಗಿ ಬೇಕಾದ ಅಕ್ಷರಗಳ ಆಕಾರವೂ ಕಡತದೊಳಗೇ ಸೇರಿಕೊಳ್ಳುತ್ತದೆ. ಹಾಗಾಗಿ ಫಾಂಟ್ ಇಲ್ಲದ ಕಡೆಯೂ ಓದಲು ಬರುತ್ತದೆ. ತಿದ್ದಲು ಮಾತ್ರ ಅದು ಅನುಕೂಲವಲ್ಲ.

ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ?

ಕೊನೆಯ ವಾಕ್ಯಕ್ಕೆ ಬರೋಣ. ‘ಯಾವುದನ್ನೂ ಮರಳಿ ಕೊಡಲು ಸಾಧ್ಯವಿಲ್ಲ.’ ಅಳಿಸಿದ ಚಿತ್ರಗಳನ್ನು ಅಂಗಡಿಯವರು ಹಿಂದೆ ತೆಗೆದುಕೊಟ್ಟರು ಎಂದು ಯಾರೋ ಹೇಳಿದ್ದನ್ನು ನೀವು ಕೇಳಿರಬಹುದು. ಅದೂ ಸುಳ್ಳಲ್ಲ. ಎರಡೂ ಹೇಗೆ ನಿಜವಾಗುತ್ತವೆ?

ಗ್ರಂಥಾಲಯದಲ್ಲಿ ಪುಸ್ತಕಗಳೂ ಇವೆ, ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಸುವ ಸೂಚಿಯೂ ಇದೆ. ಡಿಸ್ಕಿನಲ್ಲೂ ಹಾಗೆಯೇ. ಕಡತಗಳ ಒಳವಸ್ತು ಒಂದು ಕಡೆ, ಅವು ಎಲ್ಲಿವೆ ಎಂಬ ಸೂಚಿ ಇನ್ನೊಂದು ಕಡೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಒಂದು ಕಡತವನ್ನು ಅಳಿಸಿದಾಗ, ಗಣಕವು ಸೂಚಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತು ಹಾಕುತ್ತದೆ, ಅಷ್ಟೆ. ಡಿಸ್ಕನ್ನು ಬೇಗನೆ ಫಾರ್ಮ್ಯಾಟ್ ಮಾಡಿದರೆ ಹೊಸ ಖಾಲಿ ಸೂಚಿಯೊಂದು ಬರುತ್ತದೆ. ಪುಸ್ತಕಗಳು ಕಪಾಟಿನಲ್ಲೇ ಇರುತ್ತವೆ, ಹುಡುಕುವ ದಾರಿ ಇರುವುದಿಲ್ಲ. ಅಂಗಡಿಯವರು ಮಾಡುವುದು ಸೂಚಿಯಿಲ್ಲದೆ ಕಪಾಟು ಕಪಾಟು ಹುಡುಕುವ ಕೆಲಸ. ಆದರೆ ಖಾಲಿ ಎಂದು ಗುರುತಾದ ಜಾಗದಲ್ಲಿ ಹೊಸ ಪುಸ್ತಕ ಬಂದು ಕೂತರೆ ಹಳೆಯದು ಇಲ್ಲವಾಗುತ್ತದೆ. ಹೊಸ ಕಾರ್ಯಾಚರಣ ವ್ಯವಸ್ಥೆ ಎಲ್ಲಿ ಬಂದು ಕೂರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ನಿಮ್ಮ ಮಳೆ ಲೆಕ್ಕದ ಮೇಲೆಯೇ ಕೂರಬಹುದು. ಹೊಸ ಬಗೆಯ ಎಸ್‌ಎಸ್‌ಡಿಗಳಲ್ಲಂತೂ ಗಣಕವು ‘ಈ ಜಾಗ ಖಾಲಿ’ ಎಂದು ಡಿಸ್ಕಿಗೇ ತಿಳಿಸಿಬಿಡುತ್ತದೆ, ಡಿಸ್ಕು ಬಿಡುವಿನ ವೇಳೆಯಲ್ಲಿ ಅದನ್ನು ತಾನೇ ತೊಳೆದಿಡುತ್ತದೆ. ಅಲ್ಲಿ ಹುಡುಕಿ ಪ್ರಯೋಜನವಿಲ್ಲವೆಂದೇ ಹೇಳಬೇಕು.

ಇದರ ಇನ್ನೊಂದು ಮುಖವನ್ನೂ ನೋಡಿ. ಗ್ರಂಥಾಲಯದ ಹಾರ್ಡ್ ಡಿಸ್ಕು 500 ಜಿಬಿ. ಹೊಸ ವ್ಯವಸ್ಥೆಗೆ ಬೇಕಾದ್ದು ಅದರ ಚಿಕ್ಕದೊಂದು ಭಾಗ. ಉಳಿದ ಜಾಗದಲ್ಲಿ ಯಾರೋ ಬಿಟ್ಟುಹೋದ ಆಧಾರ್ ಕಾರ್ಡಿನ ಸ್ಕ್ಯಾನ್ ಸೂಚಿಯಿಲ್ಲದೆ ಹಾಗೇ ಉಳಿದಿರಬಹುದು. ಬೇಕಾದವರಿಗೆ ಸಿಗದೆ, ಬೇಡದವರ ಕೈಗೆ ಸಿಕ್ಕೀತು! ಆದ್ದರಿಂದ ಮೇಲ್ವಿಚಾರಕರು ಇನ್ನೊಂದು ಹೆಜ್ಜೆ ಇಟ್ಟುಕೊಂಡಿದ್ದರು. ಹೊಸದನ್ನು ಅಳವಡಿಸುವ ಮುನ್ನ ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆಯುವುದು. ಸೆಕೆಂಡಿಗೆ 100 ಎಂಬಿಯಂತೆ ಬರೆದರೆ 500 ಜಿಬಿಗೆ ಸುಮಾರು 5,000 ಸೆಕೆಂಡು, ಅಂದರೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ. ಒಂದು ಗಣಕಕ್ಕೆ ಇಷ್ಟು ಹೊತ್ತು. ಮೂರು ಗಣಕಗಳಿಗೆ ಎರಡು ದಿನ ಬೇಕೆಂದು ಬರೆದದ್ದು ಸೋಮಾರಿತನದಿಂದಲ್ಲ. ಸೊನ್ನೆ ಬರೆದ ಮೇಲೆ ಯಾವ ಅಂಗಡಿಯವರಿಗೂ ಏನೂ ಸಿಗುವುದಿಲ್ಲ. ಪ್ರಕಟಣೆಯ ಕೊನೆಯ ವಾಕ್ಯ ಅಷ್ಟು ಖಡಾಖಂಡಿತವಾಗಿರುವುದು ಹೀಗೆ.

ಶನಿವಾರ ಸಂಜೆ ನಾಲ್ಕೂವರೆಗೆ ಹುಡುಗಿ ಮತ್ತೆ ಬಂದಳು. ಪೆನ್‌ಡ್ರೈವ್ ಕಳೆದರೆ ಏನು ಗತಿ ಎಂದು ಅವಳಿಗೆ ರಾತ್ರಿ ಯೋಚನೆ ಹತ್ತಿತ್ತಂತೆ. ಮಳೆ ಲೆಕ್ಕವನ್ನು ಎರಡು ಹಾಳೆಗಳಲ್ಲಿ ಮುದ್ರಿಸಿಕೊಂಡಳು. ಕಡತವನ್ನು ಶಾಲೆಯ ಮೇಷ್ಟರ ಇಮೇಲಿಗೂ ಕಳಿಸಿದಳು. ಆಮೇಲೆ ಗಣಕದಲ್ಲಿದ್ದ ತನ್ನ ಕಡತಗಳನ್ನು ತಾನೇ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಎದ್ದಳು.

ಮಾಡಿ ನೋಡಿ

ಶಾಲೆಯ ಅಥವಾ ಗ್ರಂಥಾಲಯದ ಗಣಕದಲ್ಲಿ ಶಿಕ್ಷಕರ ಅನುಮತಿ ಪಡೆದು ಇವನ್ನು ಮಾಡಿ.

ಯಾವುದಾದರೂ ಒಂದು ಚಿತ್ರಕ್ಕೆ ಶಾರ್ಟ್‌ಕಟ್ ಮಾಡಿ. ಚಿತ್ರದ ಗಾತ್ರವನ್ನೂ ಶಾರ್ಟ್‌ಕಟ್‌ನ ಗಾತ್ರವನ್ನೂ ಬರೆದುಕೊಳ್ಳಿ. ಈಗ ಮೂಲ ಚಿತ್ರದ ಹೆಸರು ಬದಲಿಸದೆ ಅದನ್ನು ಪೆನ್‌ಡ್ರೈವ್‌ಗೆ ಸರಿಸಿ, ಪೆನ್‌ಡ್ರೈವನ್ನು ಹೊರತೆಗೆಯಿರಿ. ಶಾರ್ಟ್‌ಕಟ್ ಒತ್ತಿದರೆ ಏನಾಗುತ್ತದೆ? ಸಂದೇಶವನ್ನು ಬರೆದುಕೊಂಡು, ಚಿತ್ರವನ್ನು ಮತ್ತೆ ಅದರ ಹಳೆಯ ಜಾಗಕ್ಕೆ ತಂದಿಡಿ. ಈಗ ಒತ್ತಿ ನೋಡಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಒಂದು ಸಾಲು ಸಿಕ್ಕರೆ ಅದನ್ನು ಆಯ್ದು, ಫಾಂಟನ್ನು Arial ಎಂದು ಬದಲಿಸಿ. ‘ಕ’ ಇದ್ದ ಕಡೆ ಯಾವ ಇಂಗ್ಲಿಷ್ ಅಕ್ಷರ ಬಂತು? ‘ರ’ ಇದ್ದ ಕಡೆ? ಮತ್ತೆ ನುಡಿ ಫಾಂಟನ್ನೇ ಆರಿಸಿದಾಗ ಸಾಲು ಮೊದಲಿನಂತಾಯಿತೇ?